‘ನನ್ನ ಮಾಹಿತಿ ತೋರಿಸಿ, ಆಮೇಲೆ ಅಳಿಸಿ’ ಎಂದು ಗ್ರಾಹಕರು ಕೇಳಿದಾಗ: ವೆಬ್‌ಸೈಟ್ ಇರುವ ಅಂಗಡಿಗಳಿಗೆ ಸಮಗ್ರ ಮಾರ್ಗದರ್ಶಿ

ಧಾರವಾಡದಲ್ಲಿ ಕಸೂತಿ ಸೀರೆ ಮಾರುವ ಒಂದು ಅಂಗಡಿಯನ್ನು ಊಹಿಸಿಕೊಳ್ಳಿ. ವರ್ಡ್‌ಪ್ರೆಸ್ ಮತ್ತು ವೂಕಾಮರ್ಸ್ ಬಳಸಿ ಕಟ್ಟಿದ ವೆಬ್‌ಸೈಟ್ ಇದೆ, ಸೀರೆಗೆ ಹೊಂದುವ ಕುಪ್ಪಸವನ್ನೂ ಹೊಲಿಸಿ ಕಳುಹಿಸುತ್ತಾರೆ. ಗದಗಿನ ಗ್ರಾಹಕಿಯೊಬ್ಬರು ವಾಟ್ಸಾಪ್‌ನಲ್ಲಿ ಹೀಗೆ ಬರೆಯುತ್ತಾರೆ: ‘ನನ್ನ ಬಗ್ಗೆ ನಿಮ್ಮ ಬಳಿ ಏನೇನು ಮಾಹಿತಿ ಇದೆ ತಿಳಿಸಿ. ಆಮೇಲೆ ಎಲ್ಲವನ್ನೂ ಅಳಿಸಿಬಿಡಿ. ವಿಶೇಷವಾಗಿ ಕುಪ್ಪಸದ ಅಳತೆ ಮತ್ತು ನಾನು ಕಳುಹಿಸಿದ ಫೋಟೊಗಳನ್ನು.’

ವೆಬ್‌ಸೈಟ್‌ನಲ್ಲಿ ಅಳಿಸುವ ಬಟನ್ ಇದೆ. ಅದನ್ನು ಒತ್ತಿ ‘ಅಳಿಸಿದ್ದೇವೆ’ ಎಂದು ಉತ್ತರಿಸಿದರೆ ಆ ಉತ್ತರ ಸುಳ್ಳಾಗುತ್ತದೆ. ಆಕೆಗೆ ಹೆಚ್ಚು ಕಳವಳ ತಂದಿರುವ ಎರಡು ಸಂಗತಿಗಳು, ಅಂದರೆ ಅಳತೆ ಮತ್ತು ಫೋಟೊ, ಆ ಬಟನ್ ಮುಟ್ಟುವ ಜಾಗದಲ್ಲೇ ಇಲ್ಲದಿರುವ ಸಾಧ್ಯತೆ ಹೆಚ್ಚು. ಈ ಒಂದು ಕೋರಿಕೆಯನ್ನೇ ಹಿಡಿದುಕೊಂಡು, ಅದನ್ನು ಮೊದಲಿನಿಂದ ಕೊನೆಯವರೆಗೆ ಹೇಗೆ ನಿಭಾಯಿಸಬೇಕೆಂದು ನೋಡೋಣ. ನೀವು ಹುಬ್ಬಳ್ಳಿಯಲ್ಲಿ ಬಿಡಿಭಾಗ ಮಾರುತ್ತಿರಲಿ, ಬ್ಯಾಡಗಿಯಿಂದ ಮೆಣಸಿನಕಾಯಿ ಪುಡಿ ಕಳುಹಿಸುತ್ತಿರಲಿ, ಕೆಲಸದ ಕ್ರಮ ಇದೇ.

ಕಾನೂನು ಏನು ಕೇಳುತ್ತದೆ

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರ ಆಗಸ್ಟ್‌ನಲ್ಲಿ ಬಂತು. ಅದರ ನಿಯಮಗಳು ಪ್ರಕಟವಾದದ್ದು 2025ರ ನವೆಂಬರ್‌ನಲ್ಲಿ. ಗ್ರಾಹಕರ ಹಕ್ಕುಗಳ ಭಾಗಕ್ಕೆ ಹದಿನೆಂಟು ತಿಂಗಳ ಕಾಲಾವಕಾಶ ಕೊಟ್ಟಿರುವುದರಿಂದ ಅದು 2027ರ ಮೇ ತಿಂಗಳಲ್ಲಿ ಪೂರ್ಣವಾಗಿ ಜಾರಿಗೆ ಬರುತ್ತದೆ. ಅಲ್ಲಿಯವರೆಗೆ ಕಾಯುವುದು ಸರಿಯಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಕೇಳುತ್ತಿರುವುದು ಇವತ್ತಿನ ಗ್ರಾಹಕಿ, ಮಾಹಿತಿ ಆಕೆಯದು.

ಕಾಯ್ದೆಯ 11ನೇ ಕಲಂ ‘ನೋಡುವ’ ಹಕ್ಕಿಗೆ ಸಂಬಂಧಿಸಿದ್ದು. ಗ್ರಾಹಕರು ಕೇಳಿದರೆ ಅವರ ಯಾವ ಮಾಹಿತಿ ನಿಮ್ಮಲ್ಲಿದೆ, ಅದನ್ನು ಯಾವುದಕ್ಕೆ ಬಳಸುತ್ತಿದ್ದೀರಿ ಎಂಬ ಸಾರಾಂಶವನ್ನು ಕೊಡಬೇಕು. ಜೊತೆಗೆ, ಬೇರೆ ಯಾರೊಂದಿಗೆ ಯಾವ ಮಾಹಿತಿ ಹಂಚಿಕೊಂಡಿದ್ದೀರಿ ಎಂಬುದನ್ನೂ ಹೇಳಬೇಕು. ಕೊರಿಯರ್, ಪಾವತಿ ಸಂಸ್ಥೆ, ದರ್ಜಿ ಎಲ್ಲರೂ ಇದರಲ್ಲಿ ಬರುತ್ತಾರೆ. 12ನೇ ಕಲಂ ತಿದ್ದುವ ಮತ್ತು ಅಳಿಸುವ ಹಕ್ಕು ಕೊಡುತ್ತದೆ. ಆದರೆ ಬೇರೆ ಕಾನೂನಿನ ಪ್ರಕಾರ ಉಳಿಸಿಕೊಳ್ಳಲೇಬೇಕಾದದ್ದನ್ನು ಅಳಿಸಬೇಕಿಲ್ಲ. ದೂರಿಗೆ ಉತ್ತರಿಸಲು ನಿಯಮಗಳು ಕೊಡುವ ಗರಿಷ್ಠ ಅವಧಿ 90 ದಿನ. ಸಣ್ಣ ಅಂಗಡಿಗೆ ಅಷ್ಟು ದಿನ ಬೇಕಿಲ್ಲ. ಎರಡು ದಿನದೊಳಗೆ ‘ಕೋರಿಕೆ ತಲುಪಿದೆ’ ಎಂದು ತಿಳಿಸಿ, ಹದಿನೈದು ದಿನದೊಳಗೆ ಮುಗಿಸುವುದನ್ನು ರೂಢಿ ಮಾಡಿಕೊಳ್ಳಿ.

ಮೊದಲ ಹೆಜ್ಜೆ: ಕೇಳುತ್ತಿರುವವರು ಅವರೇ ಹೌದೇ

ಇಲ್ಲಿ ಎಡವಿದರೆ ಸಹಾಯ ಮಾಡಲು ಹೋಗಿ ಹಾನಿ ಮಾಡಿದಂತಾಗುತ್ತದೆ. ನಮ್ಮ ಗ್ರಾಹಕಿ ಬರೆದದ್ದು ಹೊಸ ಸಂಖ್ಯೆಯಿಂದ. ಆರ್ಡರ್‌ನಲ್ಲಿರುವುದು ಹಳೆಯ ಸಂಖ್ಯೆ. ಹೊಸ ಸಂಖ್ಯೆಗೆ ಆಕೆಯ ಅಳತೆ, ವಿಳಾಸ, ಖರೀದಿಯ ವಿವರಗಳನ್ನು ಕಳುಹಿಸಿದ ಮೇಲೆ ಅದು ಬೇರೆಯವರ ಕೈಗೆ ಹೋಗಿತ್ತೆಂದು ತಿಳಿದರೆ ಹಿಂದಕ್ಕೆ ಪಡೆಯಲು ದಾರಿಯಿಲ್ಲ.

ಆದ್ದರಿಂದ ಕೋರಿಕೆ ಯಾವ ದಾರಿಯಿಂದ ಬಂದರೂ, ಉತ್ತರವನ್ನು ಆರ್ಡರ್ ಮಾಡಿದಾಗ ಕೊಟ್ಟಿದ್ದ ಇಮೇಲ್‌ಗೆ ಕಳುಹಿಸಿ. ಹೊಸ ಸಂಖ್ಯೆಗೆ ಇಷ್ಟೇ ಹೇಳಿ: ‘ನಮ್ಮಲ್ಲಿ ದಾಖಲಾಗಿರುವ ಇಮೇಲ್‌ಗೆ ಒಂದು ಕೊಂಡಿ ಕಳುಹಿಸಿದ್ದೇವೆ, ಅದನ್ನು ಒತ್ತಿ ದೃಢಪಡಿಸಿ.’ ಆ ಇಮೇಲ್ ಯಾವುದೆಂದು ನೀವಾಗಿ ಹೇಳಬೇಡಿ.

ಹಳೆಯ ಸಂಖ್ಯೆಗೆ ಕರೆ ಮಾಡಿ ‘ನೀವು ಗದಗಿನ ಇಂಥವರೇ?’ ಎಂದು ಕೇಳುವುದೂ ಸರಿಯಲ್ಲ. ಬಿಟ್ಟುಹೋದ ಮೊಬೈಲ್ ಸಂಖ್ಯೆಯನ್ನು ದೂರಸಂಪರ್ಕ ಕಂಪನಿಗಳು ಸ್ವಲ್ಪ ಕಾಲದ ನಂತರ ಬೇರೆಯವರಿಗೆ ಕೊಡುತ್ತವೆ. ಇಮೇಲ್ ಕೂಡ ಕೈಬಿಟ್ಟು ಹೋಗಿದ್ದರೆ ಆರ್ಡರ್‌ನ ಒಳಗಿನ ಸಂಗತಿಗಳನ್ನು ಕೇಳಿ. ಯಾವ ತಿಂಗಳು ಕೊಂಡದ್ದು, ಸೀರೆಯ ಬಣ್ಣ ಯಾವುದು, ಯಾವ ಪಿನ್‌ಕೋಡ್‌ಗೆ ತಲುಪಿತು, ಹಣ ಹೇಗೆ ಕೊಟ್ಟರು. ಮೂರು ಉತ್ತರ ಸರಿಯಾದರೆ ಸಾಕು. ಆಧಾರ್ ಪ್ರತಿ ಮಾತ್ರ ಕೇಳಬೇಡಿ. ಮಾಹಿತಿ ಅಳಿಸಿ ಎಂದು ಬಂದವರಿಂದ ಅದಕ್ಕಿಂತ ಸೂಕ್ಷ್ಮವಾದ ದಾಖಲೆಯೊಂದನ್ನು ತೆಗೆದುಕೊಂಡಂತಾಗುತ್ತದೆ, ಅದನ್ನು ಕಾಪಾಡುವ ಹೊಣೆಯೂ ನಿಮ್ಮ ತಲೆಗೆ ಬರುತ್ತದೆ.

ನಮ್ಮ ಕಡೆ ಇನ್ನೊಂದು ಸಂದರ್ಭ ಎದುರಾಗುತ್ತದೆ. ಗ್ರಾಹಕಿಯ ಅಣ್ಣನೋ ಗಂಡನೋ ಕರೆ ಮಾಡಿ, ‘ಅವಳ ಪರವಾಗಿ ನಾನೇ ಕೇಳುತ್ತಿದ್ದೇನೆ, ಏನೇನಿದೆ ನನಗೆ ಕಳುಹಿಸಿ’ ಎನ್ನುತ್ತಾರೆ. ದನಿ ಪರಿಚಯದ್ದೇ ಇರಬಹುದು, ಮನೆತನವೂ ಗೊತ್ತಿರಬಹುದು. ಆದರೂ ‘ಅಣ್ಣಾ, ಅಕ್ಕನ ಇಮೇಲ್‌ಗೇ ಕಳುಹಿಸುತ್ತೇವೆ, ಅವರೇ ದೃಢಪಡಿಸಲಿ’ ಎಂದು ಗೌರವದಿಂದ ಹೇಳಿ. ಹೆಣ್ಣುಮಗಳು ಏನು ಕೊಂಡಳು, ಎಷ್ಟು ಖರ್ಚು ಮಾಡಿದಳು, ಯಾರ ಮನೆಗೆ ಕಳುಹಿಸಿದಳು ಎಂಬುದು ಮನೆಯವರಿಗೂ ತಿಳಿಯಬೇಕೋ ಬೇಡವೋ ಎಂದು ತೀರ್ಮಾನಿಸುವವಳು ಅವಳೇ.

ಎರಡನೇ ಹೆಜ್ಜೆ: ಎಲ್ಲೆಲ್ಲಿದೆ ಎಂದು ಹುಡುಕುವುದು

ಇಡೀ ಕೆಲಸದ ಮುಕ್ಕಾಲು ಪಾಲು ಇದೇ. ವರ್ಡ್‌ಪ್ರೆಸ್‌ನ ಸಾಧನ ಇಮೇಲ್ ಒಂದನ್ನೇ ಹಿಡಿದು ಹುಡುಕುತ್ತದೆ, ನಮ್ಮ ಊರುಗಳ ವ್ಯಾಪಾರ ನಡೆಯುವುದು ಫೋನ್ ಸಂಖ್ಯೆಯ ಮೇಲೆ.

ನಮ್ಮ ಗ್ರಾಹಕಿಯ ಎರಡು ಆರ್ಡರ್‌ಗಳಿವೆ. ಮೊದಲನೆಯದು 2023ರ ನವೆಂಬರ್‌ನಲ್ಲಿ, ದೀಪಾವಳಿಗೆಂದು ಆಕೆಯೇ ವೆಬ್‌ಸೈಟ್‌ನಲ್ಲಿ ಮಾಡಿದ್ದು. ಎರಡನೆಯದನ್ನು 2024ರ ಫೆಬ್ರುವರಿಯಲ್ಲಿ ಫೋನ್ ಮಾಡಿ ಹೇಳಿದ್ದರು. ಸೀರೆ ಹೋದದ್ದು ಹಾವೇರಿಯ ಅಕ್ಕನ ಮನೆಗೆ. ಆ ಆರ್ಡರನ್ನು ನಮೂದಿಸಿದ ಅಂಗಡಿಯ ಹುಡುಗ, ಇಮೇಲ್ ಕೇಳುವ ಜಾಗದಲ್ಲಿ ಅಂಗಡಿಯ ಇಮೇಲನ್ನೇ ಹಾಕಿದ್ದಾನೆ. ಫೋನ್ ಆರ್ಡರ್‌ಗಳಿಗೆಲ್ಲ ಹೀಗೆ ಮಾಡುವ ಅಂಗಡಿಗಳು ಬಹಳ. ಪರಿಣಾಮವಾಗಿ ಗ್ರಾಹಕಿಯ ಇಮೇಲ್ ಕೊಟ್ಟು ಹುಡುಕಿದರೆ ಎರಡನೇ ಆರ್ಡರ್ ಸಿಗುವುದೇ ಇಲ್ಲ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಯಾರಾದರೂ ಅಂಗಡಿಯ ಇಮೇಲನ್ನೇ ಅಳಿಸುವ ಸಾಧನಕ್ಕೆ ಕೊಟ್ಟರೆ, ಅದರಡಿ ಇರುವ ಅಷ್ಟೂ ಗ್ರಾಹಕರ ಆರ್ಡರ್‌ಗಳ ಹೆಸರು, ವಿಳಾಸ ಒಟ್ಟಿಗೆ ಹೋಗಬಹುದು. ಅಂಗಡಿಯ ಇಮೇಲನ್ನು ಆ ಸಾಧನದಲ್ಲಿ ಎಂದಿಗೂ ಬಳಸಬೇಡಿ. ಕೆಲಸದವರಿಗೆಲ್ಲ ಇದನ್ನು ಮೊದಲೇ ಹೇಳಿಡಿ.

ಹಾಗಾಗಿ ಫೋನ್ ಸಂಖ್ಯೆಯಿಂದಲೂ ಹುಡುಕಬೇಕು. ಅದೇ ಸಂಖ್ಯೆ ಒಂದು ಕಡೆ +91 ಸೇರಿಸಿಕೊಂಡು, ಇನ್ನೊಂದು ಕಡೆ ಮುಂದೆ ಸೊನ್ನೆ ಹಾಕಿಕೊಂಡು, ಮತ್ತೊಂದು ಕಡೆ ನಡುವೆ ಜಾಗ ಬಿಟ್ಟುಕೊಂಡು ಕುಳಿತಿರುತ್ತದೆ. ಕೊನೆಯ ಹತ್ತು ಅಂಕಿಗಳನ್ನೇ ಹಿಡಿದು ಹುಡುಕಿ. ಆರ್ಡರ್ ಪಟ್ಟಿಯ ಹುಡುಕು ಪೆಟ್ಟಿಗೆ ಸಾಲದಿದ್ದರೆ, ವೆಬ್‌ಸೈಟ್ ನೋಡಿಕೊಳ್ಳುವವರು ಡೇಟಾಬೇಸ್‌ನಲ್ಲಿ ಇದನ್ನು ನಡೆಸಬಹುದು. ಸೊನ್ನೆಗಳ ಜಾಗದಲ್ಲಿ ಗ್ರಾಹಕರ ಹತ್ತು ಅಂಕಿಗಳನ್ನು ಹಾಕಬೇಕು:

```sql
SELECT order_id, address_type, email, phone
FROM wp_wc_order_addresses
WHERE REPLACE(REPLACE(phone,' ',''),'-','')
      LIKE '%0000000000';
```

ಇದು ಓದುವ ಆದೇಶ ಮಾತ್ರ, ಏನನ್ನೂ ಬದಲಿಸುವುದಿಲ್ಲ. ಕೋಷ್ಟಕದ ಹೆಸರಿನ ಮುಂದಿನ `wp_` ನಿಮ್ಮಲ್ಲಿ ಬೇರೆ ಇರಬಹುದು. ಹಳೆಯ ರೀತಿಯಲ್ಲಿ ಆರ್ಡರ್ ಇಡುತ್ತಿರುವ ವೆಬ್‌ಸೈಟ್‌ಗಳಲ್ಲಿ ಇದೇ ಮಾಹಿತಿ `wp_postmeta` ಕೋಷ್ಟಕದಲ್ಲಿ `_billing_phone` ಎಂಬ ಹೆಸರಿನಡಿ ಸಿಗುತ್ತದೆ.

ಆಮೇಲೆ ವೆಬ್‌ಸೈಟ್‌ನಿಂದ ಹೊರಗೆ ಬನ್ನಿ. ಒಂದು ಆರ್ಡರ್ ಬಂದಾಗಿನಿಂದ ಪೆಟ್ಟಿಗೆ ಹೊರಡುವವರೆಗೆ ಅದು ಯಾರ ಯಾರ ಕೈ ದಾಟುತ್ತದೆ ಎಂದು ಅಂಗಡಿಯಲ್ಲಿ ಕೆಲಸ ಮಾಡುವವರನ್ನೇ ಕೇಳಿ. ನಮ್ಮ ಅಂಗಡಿಯಲ್ಲಿ ಹೀಗಿದೆ. ಆರ್ಡರ್ ಬಂದೊಡನೆ ಅಂಗಡಿಯ ಜಿಮೇಲ್‌ಗೆ ಪ್ರತಿ ಬರುತ್ತದೆ. ಹುಡುಗ ಅದನ್ನು ಗೂಗಲ್ ಶೀಟ್‌ಗೆ ಏರಿಸುತ್ತಾನೆ. ಕುಪ್ಪಸದ ಅಳತೆ ಮತ್ತು ಮಾದರಿಗಾಗಿ ಫೋಟೊಗಳು ಅಂಗಡಿಯ ಫೋನಿನ ವಾಟ್ಸಾಪ್‌ಗೆ ಬರುತ್ತವೆ, ಅಲ್ಲಿಂದ ದರ್ಜಿಗೆ ಹೋಗುತ್ತವೆ. ಫೋನಿನ ಗ್ಯಾಲರಿಯಿಂದ ಅವು ತಾವಾಗಿ ಗೂಗಲ್ ಫೋಟೋಸ್ ಸೇರುತ್ತವೆ. ವಿಳಾಸ ಕೊರಿಯರ್‌ಗೆ, ಬಿಲ್ಲು ಲೆಕ್ಕ ಬರೆಯುವವರಿಗೆ. ಹಬ್ಬದ ರಿಯಾಯಿತಿ ಸಂದೇಶ ಕಳುಹಿಸುವ ವಾಟ್ಸಾಪ್ ಪಟ್ಟಿಯಲ್ಲೂ ಆಕೆಯ ಸಂಖ್ಯೆ ಇದೆ. ಇದನ್ನೆಲ್ಲ ಒಂದು ಹಾಳೆಯಲ್ಲಿ ಬರೆದಿಟ್ಟುಕೊಂಡರೆ ಮುಂದಿನ ಕೋರಿಕೆಗೆ ಅರ್ಧ ಕೆಲಸ ಮುಗಿದಿರುತ್ತದೆ.

ಮೂರನೇ ಹೆಜ್ಜೆ: ತೋರಿಸುವುದು

ಅಳಿಸುವ ಮೊದಲು ತೋರಿಸಿ. ಕ್ರಮ ತಪ್ಪಿದರೆ ತೋರಿಸಲು ಏನೂ ಉಳಿದಿರುವುದಿಲ್ಲ.

ವರ್ಡ್‌ಪ್ರೆಸ್‌ನಲ್ಲಿ `Tools → Export Personal Data` ತೆರೆದು ಗ್ರಾಹಕಿಯ ಇಮೇಲ್ ಕೊಡಿ. ಆಕೆಗೆ ದೃಢೀಕರಣದ ಪತ್ರ ಹೋಗುತ್ತದೆ. ಅದರಲ್ಲಿನ ಕೊಂಡಿಯ ಆಯುಷ್ಯ ಒಂದೇ ದಿನ, ಆದ್ದರಿಂದ ಅಂದೇ ಒತ್ತುವಂತೆ ಮತ್ತು ಸ್ಪ್ಯಾಮ್ ಕಡತವನ್ನೂ ನೋಡುವಂತೆ ತಿಳಿಸಿ. ಒತ್ತಿದ ಮೇಲೆ ಕೋರಿಕೆಯ ಸ್ಥಿತಿ `Pending` ಇದ್ದದ್ದು `Confirmed` ಆಗುತ್ತದೆ. ಆಗ ಕಡತ ಸಿದ್ಧಪಡಿಸಿ. ಅದನ್ನು ನೇರವಾಗಿ ಗ್ರಾಹಕಿಗೆ ಕಳುಹಿಸುವ ಬದಲು ಮೊದಲು ನೀವೇ ಇಳಿಸಿಕೊಂಡು ತೆರೆದು ಓದಿ. ಬೇರೆ ಯಾರದಾದರೂ ವಿವರ ಸೇರಿಕೊಂಡಿದೆಯೇ ಎಂಬುದು ಗೊತ್ತಾಗುವುದು ಇಲ್ಲಿಯೇ. ಸರಿಯಿದ್ದರೆ ಕೊಂಡಿ ಕಳುಹಿಸಿ. ಅದು ಮೂರು ದಿನ ಮಾತ್ರ ತೆರೆದಿರುತ್ತದೆ.

ಈ ಕಡತದಲ್ಲಿ ಇರುವುದು ವೆಬ್‌ಸೈಟ್‌ನ ಭಾಗ ಮಾತ್ರ. ಉಳಿದದ್ದನ್ನು ನೀವು ಕೈಯಾರೆ ಬರೆಯಬೇಕು, ಕನ್ನಡದಲ್ಲೇ ಬರೆಯಿರಿ. ಆಕೆ ಕೇಳಿದ್ದು ಕನ್ನಡದಲ್ಲಿ. ಎರಡನೇ ಆರ್ಡರ್, ವಾಟ್ಸಾಪ್‌ನ ಅಳತೆ ಮತ್ತು ಫೋಟೊ, ಶೀಟ್‌ನ ಸಾಲು, ದರ್ಜಿಗೆ ಏನು ಹೋಗಿದೆ, ಕೊರಿಯರ್‌ಗೆ ಏನು ಹೋಗಿದೆ ಎಂಬುದನ್ನು ಒಂದೊಂದು ವಾಕ್ಯದಲ್ಲಿ ಹೇಳಿದರೆ ಸಾಕು. ಹಾವೇರಿಯ ಅಕ್ಕನ ವಿಳಾಸವನ್ನು ಆಕೆಯೇ ಕೊಟ್ಟಿದ್ದರಿಂದ ಅದನ್ನು ಆಕೆಗೆ ತೋರಿಸುವುದರಲ್ಲಿ ತೊಂದರೆಯಿಲ್ಲ. ಆದರೆ ಮುಂದೊಂದು ದಿನ ಆ ಅಕ್ಕನೇ ‘ನನ್ನ ಬಗ್ಗೆ ಏನಿದೆ’ ಎಂದು ಕೇಳಿದರೆ ಅವರ ಹೆಸರು, ವಿಳಾಸ, ಸಂಖ್ಯೆಯನ್ನಷ್ಟೇ ತೋರಿಸಿ. ತಂಗಿ ಎಷ್ಟು ಹಣ ಕೊಟ್ಟಳು ಎಂಬುದು ಅಕ್ಕನ ಮಾಹಿತಿಯಲ್ಲ.

ನಾಲ್ಕನೇ ಹೆಜ್ಜೆ: ಉಳಿಸಬೇಕಾದದ್ದನ್ನು ಬೇರ್ಪಡಿಸುವುದು

ಜಿಎಸ್‌ಟಿ ನೋಂದಣಿ ಇರುವ ಅಂಗಡಿ ತನ್ನ ಲೆಕ್ಕಪತ್ರ, ಬಿಲ್ಲುಗಳನ್ನು ಆಯಾ ವರ್ಷದ ವಾರ್ಷಿಕ ರಿಟರ್ನ್‌ನ ಕೊನೆಯ ದಿನದಿಂದ 72 ತಿಂಗಳು ಇಟ್ಟುಕೊಳ್ಳಬೇಕು. ನಮ್ಮ ಎರಡೂ ಆರ್ಡರ್‌ಗಳು 2023–24ರ ಹಣಕಾಸು ವರ್ಷದವು. ಅದರ ವಾರ್ಷಿಕ ರಿಟರ್ನ್‌ಗೆ ಕೊನೆಯ ದಿನ 2024ರ ಡಿಸೆಂಬರ್ 31. ಅಲ್ಲಿಂದ ಆರು ವರ್ಷ ಎಣಿಸಿದರೆ 2030ರ ಡಿಸೆಂಬರ್ 31. ಅಲ್ಲಿಯವರೆಗೆ ಬಿಲ್ಲು ಉಳಿಯಬೇಕು, ಅದರ ಮೇಲಿರುವ ಹೆಸರನ್ನು ತಿದ್ದಲೂ ಬಾರದು.

ಆದರೆ ಬಿಲ್ಲು ಉಳಿಯಬೇಕು ಎಂದ ಮಾತ್ರಕ್ಕೆ ಎಲ್ಲವೂ ಉಳಿಯಬೇಕು ಎಂದಲ್ಲ. ‘ಜಿಎಸ್‌ಟಿಗೆ ಬೇಕು’ ಎಂಬ ನೆಪದಲ್ಲಿ ಕುಪ್ಪಸದ ಅಳತೆಯನ್ನು ಇಟ್ಟುಕೊಳ್ಳುವುದಕ್ಕೆ ಯಾವ ಆಧಾರವೂ ಇಲ್ಲ. ಬಿಲ್ಲಿನ ಪಿಡಿಎಫ್ ಲೆಕ್ಕಪತ್ರದ ಕಡತದಲ್ಲಿರಲಿ, ವೆಬ್‌ಸೈಟ್‌ನ ಆರ್ಡರ್‌ನಿಂದ ಹೆಸರು ಹೋಗಲಿ.

ಇಲ್ಲೊಂದು ಎಚ್ಚರಿಕೆ. ಬಿಲ್ಲು ತಯಾರಿಸುವ ಕೆಲವು ಪ್ಲಗಿನ್‌ಗಳು ಪಿಡಿಎಫ್ ಅನ್ನು ಎಲ್ಲೂ ಉಳಿಸಿಡುವುದಿಲ್ಲ, ಕೇಳಿದಾಗಲೆಲ್ಲ ಆರ್ಡರ್‌ನಿಂದ ಹೊಸದಾಗಿ ಮಾಡಿಕೊಡುತ್ತವೆ. ಹೆಸರು ಅಳಿಸಿದ ಮೇಲೆ ಹೊರಬರುವ ಬಿಲ್ಲಿನಲ್ಲಿ ಗ್ರಾಹಕರ ಜಾಗ ಖಾಲಿ. ಆದ್ದರಿಂದ ಅಳಿಸುವ ಮೊದಲು ಪಿಡಿಎಫ್ ಇಳಿಸಿ, ಲೆಕ್ಕ ಬರೆಯುವವರ ಬಳಿ ಪ್ರತಿ ಇದೆಯೇ ಎಂದು ಖಾತ್ರಿ ಮಾಡಿಕೊಳ್ಳಿ. ಸೀರೆ ಮರಳಿಸುವ ಅಥವಾ ಹಣ ವಾಪಸಿನ ವಿಷಯ ಬಾಕಿ ಇದ್ದರೆ ಅದು ಮುಗಿಯುವವರೆಗೆ ಆರ್ಡರ್ ಮುಟ್ಟಬೇಡಿ, ಪಾವತಿಯ ಗುರುತು ಸಂಖ್ಯೆ ಬೇಕಾಗುತ್ತದೆ.

2025ರ ನಿಯಮಗಳಲ್ಲಿ ಇನ್ನೊಂದು ಮಾತಿದೆ. ಅವು ಪೂರ್ಣ ಜಾರಿಯಾದ ಮೇಲೆ ಮಾಹಿತಿಯನ್ನೂ ಅದನ್ನು ಬಳಸಿದ ದಾಖಲೆಗಳನ್ನೂ, ಬಳಸಿದ ದಿನದಿಂದ ಕನಿಷ್ಠ ಒಂದು ವರ್ಷ ಇಟ್ಟುಕೊಳ್ಳಬೇಕಾಗುತ್ತದೆ. ಆಗ ಕಳೆದ ತಿಂಗಳಷ್ಟೇ ಕೊಂಡವರಿಗೆ ‘ತಕ್ಷಣ ಪೂರ್ತಿ ಅಳಿಸುತ್ತೇವೆ’ ಎಂದು ಮಾತು ಕೊಡಬೇಡಿ. ಅಂಥ ಮಾಹಿತಿಯ ಬಳಕೆ ನಿಲ್ಲಿಸಿ, ಅಳಿಸುವ ದಿನಾಂಕವನ್ನು ತಿಳಿಸಿ.

ಐದನೇ ಹೆಜ್ಜೆ: ಅಳಿಸುವುದು

ವೆಬ್‌ಸೈಟ್‌ನಿಂದ ಆರಂಭಿಸಿ. `WooCommerce → Settings → Accounts & Privacy` ಪುಟದಲ್ಲಿ `Remove personal data from orders on request` ಎಂಬ ಆಯ್ಕೆಗೆ ಗುರುತು ಹಾಕಿರಬೇಕು. ಹಾಕಿರದಿದ್ದರೆ ಅಳಿಸುವ ಸಾಧನ ಆರ್ಡರ್‌ಗಳನ್ನು ಹಾಗೇ ಬಿಟ್ಟುಬಿಡುತ್ತದೆ. ಅದರ ಹತ್ತಿರವೇ ಇರುವ `Allow personal data to be removed in bulk from orders` ಆಯ್ಕೆಗೂ ಗುರುತು ಹಾಕಿ.

ಈಗ `Tools → Erase Personal Data` ತೆರೆದು ಗ್ರಾಹಕಿಯ ಇಮೇಲ್ ಕೊಡಿ. ಮತ್ತೆ ದೃಢೀಕರಣ ಬರುತ್ತದೆ, ಅದಾದ ಮೇಲೆ ಅಳಿಸಿ. ದೀಪಾವಳಿಯ ಆರ್ಡರ್ ಇದರಲ್ಲಿ ಮುಗಿಯುತ್ತದೆ. ಸೀರೆ, ಮೊತ್ತ, ದಿನಾಂಕ ಉಳಿಯುತ್ತವೆ, ವ್ಯಕ್ತಿಯ ಗುರುತು ಹೋಗುತ್ತದೆ. ಅಂಗಡಿಯ ಇಮೇಲ್‌ನಲ್ಲಿ ಕುಳಿತಿರುವ ಫೋನ್ ಆರ್ಡರ್‌ಗೆ ಬೇರೆ ದಾರಿ: ಆರ್ಡರ್ ಪಟ್ಟಿಯಲ್ಲಿ ಅದೊಂದನ್ನೇ ಗುರುತಿಸಿ, ಮೇಲಿನ ಕ್ರಿಯೆಗಳ ಪಟ್ಟಿಯಿಂದ `Remove personal data` ಆರಿಸಿ. ಗುರುತು ಬಿದ್ದಿರುವುದು ಒಂದೇ ಸಾಲಿಗೆ ಎಂದು ಇನ್ನೊಮ್ಮೆ ನೋಡಿ. ಇದನ್ನು ಹಿಂದಕ್ಕೆ ತಿರುಗಿಸಲು ಆಗುವುದಿಲ್ಲ. ಗ್ರಾಹಕಿಗೆ ಖಾತೆಯೂ ಇದ್ದರೆ ಈ ಸಾಧನ ಅದನ್ನು ತೆಗೆಯುವುದಿಲ್ಲ, `Users` ಪುಟಕ್ಕೆ ಹೋಗಿ ಪ್ರತ್ಯೇಕವಾಗಿ ಅಳಿಸಬೇಕು.

ಆಮೇಲೆ ಎರಡೂ ಆರ್ಡರ್‌ಗಳನ್ನು ತೆರೆದು ಕಣ್ಣಾರೆ ನೋಡಿ. ಕುಪ್ಪಸದ ಅಳತೆ ಕೇಳುವ ಪೆಟ್ಟಿಗೆಯನ್ನು ಬೇರೆ ಪ್ಲಗಿನ್‌ನಿಂದ ಸೇರಿಸಿದ್ದರೆ, ಆ ಪ್ಲಗಿನ್ ಅಳಿಸುವ ಸಾಧನದೊಂದಿಗೆ ಹೊಂದಿಕೊಂಡಿರದ ಹೊರತು, ಹೆಸರು ಹೋದರೂ ಅಳತೆ ಅಲ್ಲೇ ಇರುತ್ತದೆ. ಗ್ರಾಹಕಿ ಬರೆದ ಟಿಪ್ಪಣಿಯನ್ನೂ ನೋಡಿ. ಉಳಿದದ್ದನ್ನು ಕೈಯಾರೆ ತೆಗೆಯಿರಿ.

ವೆಬ್‌ಸೈಟ್ ಆಚೆಗಿನ ಜಾಗಗಳಲ್ಲಿ ಒಂದೊಂದಕ್ಕೂ ಒಂದೊಂದು ಹಿಂಬಾಗಿಲು ಇದೆ. ಗೂಗಲ್ ಶೀಟ್‌ನಲ್ಲಿ ಸಾಲು ಅಳಿಸಿದರೂ ಅದು `Version history` ಒಳಗೆ ಹಾಗೇ ಇರುತ್ತದೆ, ಶೀಟ್ ತಿದ್ದುವ ಅಧಿಕಾರ ಇರುವವರು ಯಾರು ಬೇಕಾದರೂ ತೆರೆದು ನೋಡಬಹುದು. ಸಾಲು ತೆಗೆದ ಶೀಟ್‌ಗೆ ಒಂದು ಪ್ರತಿ ಮಾಡಿ, ಮುಂದೆ ಆ ಪ್ರತಿಯನ್ನೇ ಬಳಸಿ, ಹಳೆಯ ಶೀಟನ್ನು ಅಳಿಸಿ. ಪ್ರತಿಗೆ ಹಳೆಯ ಚರಿತ್ರೆ ಅಂಟಿಕೊಂಡು ಬರುವುದಿಲ್ಲ. ಜಿಮೇಲ್‌ನಲ್ಲಿ ಅಳಿಸಿದ ಪತ್ರ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತದೆ, ಗೂಗಲ್ ಫೋಟೋಸ್‌ಗೆ ಏರಿದ ಚಿತ್ರ 60 ದಿನ. ಎರಡೂ ಬುಟ್ಟಿಗಳನ್ನು ಖಾಲಿ ಮಾಡಿ. ವಾಟ್ಸಾಪ್‌ನಲ್ಲಿ ಸಂಭಾಷಣೆ ಅಳಿಸುವಾಗ ಅದರ ಫೋಟೊಗಳು ಗ್ಯಾಲರಿಯಿಂದಲೂ ಹೋದವೇ ಎಂದು ಪರೀಕ್ಷಿಸಿ. ರಿಯಾಯಿತಿ ಸಂದೇಶದ ಪಟ್ಟಿಯಿಂದ ಸಂಖ್ಯೆ ತೆಗೆಯಿರಿ.

ಕೊನೆಗೆ ದರ್ಜಿ. ಅವರ ಫೋನಿನಲ್ಲಿರುವ ಫೋಟೊ ಮತ್ತು ಅಳತೆಯನ್ನು ಅಳಿಸಿಸುವ ಹೊಣೆ ಅಂಗಡಿಯದು, ಏಕೆಂದರೆ ಕೊಟ್ಟದ್ದು ಅಂಗಡಿ. ಸಂದೇಶ ಕಳುಹಿಸಿ ಸುಮ್ಮನಾಗದೆ, ಸಾಧ್ಯವಾದರೆ ಎದುರಿಗೇ ಕುಳಿತು ಅಳಿಸಿ ಬನ್ನಿ. ಅಳತೆ ಬರೆದ ಕಾಗದದ ಪುಸ್ತಕಕ್ಕೆ ಈ ಕಾಯ್ದೆ ಅನ್ವಯಿಸುವುದಿಲ್ಲ, ಇದು ಡಿಜಿಟಲ್ ಮಾಹಿತಿಗೆ ಸಂಬಂಧಿಸಿದ್ದು. ಹಾಗಿದ್ದರೂ ಆ ಪುಟವನ್ನು ಹರಿದು ಹಾಕಿಸಿ. ಆಕೆ ಕೇಳಿದ್ದು ಅಳತೆ ಇರಬಾರದೆಂದು, ಅದು ಯಾವುದರ ಮೇಲೆ ಬರೆದಿದೆ ಎಂಬ ಲೆಕ್ಕ ಆಕೆಗಿಲ್ಲ.

ಆರನೇ ಹೆಜ್ಜೆ: ನಿಜವಾದ ಉತ್ತರ

‘ನಿಮ್ಮ ಎಲ್ಲ ಮಾಹಿತಿ ಅಳಿಸಲಾಗಿದೆ’ ಎಂದು ಬರೆಯಬೇಡಿ, ಬಿಲ್ಲು ಉಳಿದಿದೆ. ಅಳಿಸಿದ್ದು ಏನು, ಉಳಿದದ್ದು ಏನು, ಏಕೆ, ಎಂದಿನವರೆಗೆ ಎಂಬ ನಾಲ್ಕೂ ಉತ್ತರದಲ್ಲಿರಬೇಕು. ಮಾದರಿ ಹೀಗಿರಬಹುದು:

> ನಮಸ್ಕಾರ. ನಿಮ್ಮ ಕೋರಿಕೆಯಂತೆ ವೆಬ್‌ಸೈಟ್‌ನಲ್ಲಿದ್ದ ನಿಮ್ಮ ಖಾತೆಯನ್ನು ಮತ್ತು ಎರಡು ಆರ್ಡರ್‌ಗಳಲ್ಲಿದ್ದ ಹೆಸರು, ವಿಳಾಸ, ಫೋನ್, ಇಮೇಲ್ ವಿವರಗಳನ್ನು ಅಳಿಸಿದ್ದೇವೆ. ಕುಪ್ಪಸದ ಅಳತೆ ಮತ್ತು ಫೋಟೊಗಳನ್ನು ನಮ್ಮ ಫೋನ್, ಆನ್‌ಲೈನ್ ಸಂಗ್ರಹ ಹಾಗೂ ದರ್ಜಿಯವರ ಫೋನ್‌ನಿಂದ ಅಳಿಸಿದ್ದೇವೆ. ಎರಡು ಬಿಲ್ಲುಗಳನ್ನು ಮಾತ್ರ ಜಿಎಸ್‌ಟಿ ಕಾನೂನಿನ ಪ್ರಕಾರ 2030ರ ಡಿಸೆಂಬರ್ 31ರವರೆಗೆ ಇಟ್ಟುಕೊಳ್ಳಬೇಕಾಗಿದೆ. ಬೇರೆ ಯಾವುದಕ್ಕೂ ಬಳಸುವುದಿಲ್ಲ. ವೆಬ್‌ಸೈಟ್‌ನ ಹಳೆಯ ಬ್ಯಾಕಪ್‌ಗಳಲ್ಲಿರುವ ಪ್ರತಿ 30 ದಿನಗಳಲ್ಲಿ ತಾನಾಗಿ ಹೋಗುತ್ತದೆ. ಕೊರಿಯರ್ ಮತ್ತು ಪಾವತಿ ಸಂಸ್ಥೆಗಳು ತಮ್ಮ ದಾಖಲೆಗಳನ್ನು ತಮ್ಮ ನಿಯಮದಂತೆ ಇಟ್ಟುಕೊಳ್ಳುತ್ತವೆ.

ಬ್ಯಾಕಪ್‌ನ ಅವಧಿಯನ್ನು ಊಹೆಯಿಂದ ಬರೆಯಬೇಡಿ, ನಿಮ್ಮ ಹೋಸ್ಟಿಂಗ್‌ನವರು ಎಷ್ಟು ದಿನದ ಪ್ರತಿ ಇಡುತ್ತಾರೆ ಎಂದು ಕೇಳಿ ತಿಳಿದು ಬರೆಯಿರಿ. ಬ್ಯಾಕಪ್ ಒಳಗೆ ಕೈಹಾಕಿ ಒಬ್ಬರ ದಾಖಲೆಯನ್ನು ತೆಗೆಯುವ ಸಾಹಸ ಬೇಡ, ಬ್ಯಾಕಪ್ಪೇ ಕೆಡಬಹುದು. ಅಪಾಯ ಇರುವುದು ಬೇರೆ ಕಡೆ. ಅಳಿಸಿದ ಎರಡು ವಾರಕ್ಕೆ ವೆಬ್‌ಸೈಟ್ ಕೆಟ್ಟು ಹಳೆಯ ಬ್ಯಾಕಪ್ ಮರಳಿ ಹಾಕಿದರೆ ಆಕೆಯ ಹೆಸರು, ವಿಳಾಸ, ಅಳತೆ ಎಲ್ಲವೂ ಯಾರಿಗೂ ಗೊತ್ತಾಗದಂತೆ ವಾಪಸಾಗುತ್ತವೆ. ಇದಕ್ಕಾಗಿ ಒಂದು ಪುಟ್ಟ ಪಟ್ಟಿಯನ್ನು ವೆಬ್‌ಸೈಟ್‌ನ ಹೊರಗೆ ಇಡಿ. ಅದರಲ್ಲಿ ಅಳಿಸಿದ ದಿನಾಂಕ, ಆರ್ಡರ್ ಸಂಖ್ಯೆ, ಖಾತೆಯ ಸಂಖ್ಯೆ ಇಷ್ಟೇ ಇರಲಿ. ಹೆಸರು, ಫೋನ್ ಬರೆದರೆ ಅಳಿಸಿದವರ ಹೊಸ ಪಟ್ಟಿಯೊಂದು ತಯಾರಾದಂತಾಗುತ್ತದೆ. ಬ್ಯಾಕಪ್ ಮರಳಿ ಹಾಕಿದ ದಿನ, ಹೊಸ ಆರ್ಡರ್ ತೆಗೆದುಕೊಳ್ಳುವ ಮೊದಲು, ಆ ಪಟ್ಟಿಯಲ್ಲಿರುವ ಆರ್ಡರ್‌ಗಳನ್ನು ಒಂದೊಂದಾಗಿ ತೆರೆದು ಮತ್ತೆ ಅಳಿಸಿ.